ಗುಂಪಿನ ಫೋಟೋದಲ್ಲಿ ನಾನು

ನಮ್ಮ ಕಡೆ ಹೆಂಗಸರು ಒಬ್ಬರೇ ನಿಂತು ಫೋಟೋ ತೆಗೆಸಿಕೊಳ್ಳುವುದು ಕಡಿಮೆ. ನೌಕರಿಯ ಅರ್ಜಿಗೆ ಬೇಕು, ಗಂಡಿನ ಕಡೆಯವರಿಗೆ ಕಳಿಸಲು ಬೇಕು, ಅಷ್ಟೇ. ಸತ್ತ ಮೇಲೆ ಗೋಡೆಗೆ ಹಾಕುವ ಫೋಟೋವನ್ನೂ ಯಾವುದೋ ಮದುವೆಯ ಗುಂಪಿನಿಂದ ಮುಖ ಬಿಡಿಸಿ ದೊಡ್ಡದು ಮಾಡಿಸುತ್ತಾರೆ. ನನ್ನ ಮೊಬೈಲ್ ತುಂಬ ಫೋಟೋಗಳಿದ್ದವು. ನಾನೊಬ್ಬಳೇ ಇದ್ದದ್ದು ಒಂದೂ ಇರಲಿಲ್ಲ. ಅದು ಕೊರತೆ ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

ನಾನು ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಗಂಡನಿಂದ ಬಿಡುಗಡೆಯಾಗಿ ಆಗಲೇ ಬಹಳ ವರ್ಷಗಳಾಗಿದ್ದವು. ವಯಸ್ಸು ನಲವತ್ತರ ಹತ್ತಿರ. ಮನೆಯಲ್ಲಿ ಅವ್ವ ಮತ್ತು ನಾನು. ಮದುವೆ ಮಾಡಿಸುವವರು ಆಗಾಗ ಬರುತ್ತಿದ್ದರು. ಅವರು ತರುವ ಗಂಡಸರು ಮೊದಲು ನನ್ನ ಪಗಾರ ಕೇಳುತ್ತಿದ್ದರು, ಆಮೇಲೆ ತಮ್ಮ ಮಕ್ಕಳನ್ನು ಯಾರು ನೋಡಿಕೊಳ್ಳುವುದು ಎಂಬ ಮಾತಿಗೆ ಬರುತ್ತಿದ್ದರು. ನನ್ನನ್ನು ನೋಡುವ ಕೆಲಸ ಅವರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಅವರಿಗೆ ಚಹಾ ಕೊಟ್ಟು ಕೊಟ್ಟು ಸಾಕಾಗಿ ಹೋಗಿತ್ತು.

ಸುರಪುರದಿಂದ ದಿನಾ ಬಸ್ಸಿನಲ್ಲಿ ಬರುವ ವಿಜ್ಞಾನದ ಟೀಚರ್ ಒಬ್ಬಳಿದ್ದಾಳೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಮದುವೆಯಾದವಳು, ನೋಡಲು ಚೆಂದ. ನನ್ನನ್ನು ಅಕ್ಕಾ ಎನ್ನುತ್ತಾಳೆ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ನನ್ನ ಮೊಬೈಲ್ ಕಸಿದುಕೊಂಡು ಒಂದು ಡೇಟಿಂಗ್ ಆ್ಯಪ್ ಹಾಕಿಕೊಟ್ಟಳು. ಬೇಡ ಎಂದೆ. ಎಂದೆನೇ ಹೊರತು ಮೊಬೈಲ್ ವಾಪಸ್ ಕೇಳಲಿಲ್ಲ.

ಫೋಟೋ ಆರಿಸುವ ಕೆಲಸ ಮಾತ್ರ ನಾನೇ ಮನೆಯಲ್ಲಿ ಕೂತು ಮಾಡಿದೆ. ಮೊದಲನೆಯದು ನಾವು ಟೀಚರುಗಳು ನಾರಾಯಣಪುರ ಡ್ಯಾಮಿಗೆ ಹೋದಾಗ ಸಾಲಾಗಿ ನಿಂತದ್ದು. ಎರಡನೆಯದು ತಿಂಥಣಿ ಜಾತ್ರೆಯಲ್ಲಿ ಗೆಳತಿಯರ ನಡುವೆ ತಂಗಿಯ ಮಗನನ್ನು ಎತ್ತಿಕೊಂಡದ್ದು. ಉಳಿದವು ಹೆಡ್‌ಮಾಸ್ತರರ ಬೀಳ್ಕೊಡುಗೆಯದು, ಮದುವೆಯೊಂದರದು. ನಾಲ್ಕು ಜನರ ನಡುವೆ ನಗುತ್ತ ನಿಂತ ಹೆಣ್ಣು ಅಂದರೆ ಮರ್ಯಾದಸ್ಥಳು, ಹೊಂದಿಕೊಂಡು ಹೋಗುವವಳು ಎಂದು ನೋಡಿದವರಿಗೆ ತಿಳಿಯಲಿ ಎಂಬುದು ನನ್ನ ಲೆಕ್ಕ. ಮನೆಗೆ ಬಂದು ಹೆಣ್ಣು ನೋಡುವವರ ಎದುರು ಆ ಲೆಕ್ಕ ನಡೆಯುತ್ತದೆ. ಆ್ಯಪಿನಲ್ಲಿ ಜನ ಮೊದಲನೆಯ ಫೋಟೋವನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ನೋಡಿ ಬೆರಳು ಸರಿಸಿಬಿಡುತ್ತಾರೆ. ಐದು ಜನರಲ್ಲಿ ಒಬ್ಬಳನ್ನು ಹುಡುಕುವ ತಾಳ್ಮೆ ಯಾರಿಗಿದೆ?

ಕಲಬುರಗಿ, ರಾಯಚೂರು ಕಡೆಯಿಂದ ಒಂದಷ್ಟು ಜನ ಬರೆದರು. ಬರೆದವರದೆಲ್ಲ ಒಂದೇ ಪ್ರಶ್ನೆ, ಇದರಲ್ಲಿ ನೀವು ಯಾರು? ಎಡಗಡೆಯಿಂದ ಎರಡನೆಯವಳು ಎಂದು ಬರೆಯುತ್ತಿದ್ದೆ. ಹಾಗೆ ಬರೆದ ಮೇಲೆ ಕೆಲವರ ಉತ್ತರವೇ ಬರುತ್ತಿರಲಿಲ್ಲ. ಮಗು ನಿಮ್ಮದಾ ಎಂದು ಒಬ್ಬ ಕೇಳಿದ. ಹಳದಿ ಸೀರೆಯವರಿಗೆ ಮದುವೆಯಾಗಿದೆಯಾ ಎಂದು ಇನ್ನೊಬ್ಬ. ಅವನನ್ನು ಬ್ಲಾಕ್ ಮಾಡಿದೆ. ಹಳದಿ ಸೀರೆಯವಳು ವಿಜ್ಞಾನದ ಟೀಚರ್. ಅವಳಿಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ.

ಒಬ್ಬರು ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ರಾಯಚೂರಿನಲ್ಲಿ ಗುಮಾಸ್ತರು, ಹೆಂಡತಿ ತೀರಿಕೊಂಡಿದ್ದರು. ನನ್ನನ್ನು ಗುರುತಿಸಿದ್ದಾರೆ, ಕೇಳುವ ಅಗತ್ಯವೇ ಬಿದ್ದಿಲ್ಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಒಂದು ತಿಂಗಳು ಬರೆದುಕೊಂಡೆವು. ಕಾಲುವೆಗೆ ನೀರು ಬಿಟ್ಟ ಮೇಲೆ ಊರ ತುಂಬ ಸೊಳ್ಳೆ ಎಂದು ನಾನು ಬರೆದರೆ, ತಮಗೆ ಪಲ್ಯ ಮಾಡಲು ಬರುತ್ತದೆ, ರೊಟ್ಟಿ ತಟ್ಟಲು ಬರುವುದಿಲ್ಲ ಎಂದು ಅವರು. ನಾಲ್ಕೈದು ಸಲ ಫೋನಿನಲ್ಲೂ ಮಾತಾಡಿದೆವು. ಮನೆಯಲ್ಲಿ ಅವ್ವ ಇದ್ದುದರಿಂದ ವಿಡಿಯೋ ಕಾಲ್ ಬೇಡ ಎಂದಿದ್ದೆ. ಅವರದು ಅವಸರವಿಲ್ಲದ ದನಿ. ಸಂಜೆಯಾದರೆ ಆ ದನಿಗಾಗಿ ಕಾಯುತ್ತಿದ್ದೆ. ಇದಕ್ಕೆ ಬೇರೆ ಹೆಸರು ಕೊಡುವುದು ಬೇಡ, ನನಗೆ ಅವರು ಬೇಕಾಗಿದ್ದರು.

ಒಂದು ಭಾನುವಾರ ಯಾದಗಿರಿಯಲ್ಲಿ ಭೇಟಿಯಾಗುವುದೆಂದು ಮಾತಾಯಿತು. ಅವರು ರೈಲಿನಲ್ಲಿ ಬರುವವರು, ನಾನು ಬಸ್ಸಿನಲ್ಲಿ. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಬಾಗಿಲು ಕಾಣುವ ಹಾಗೆ ಕೂತೆ. ಅವರು ಒಳಗೆ ಬಂದದ್ದು ತಕ್ಷಣ ಗೊತ್ತಾಯಿತು. ಅವರ ಮೊದಲನೆಯ ಫೋಟೋದಲ್ಲಿ ಅವರೊಬ್ಬರೇ ಇದ್ದರು, ಹಗಲು ಬೆಳಕಿನಲ್ಲಿ ಮುಖ ಸ್ವಚ್ಛ ಕಾಣುತ್ತಿತ್ತು. ಅವರ ಕಣ್ಣು ಒಂದೊಂದು ಟೇಬಲ್ಲಿಗೂ ಹೋಗಿ, ನನ್ನ ಮೇಲೂ ಹಾಯ್ದು, ಮುಂದೆ ಹೋಯಿತು. ಹೋಗಿ ಬೇರೆ ಟೇಬಲ್ಲಿನಲ್ಲಿ ಕೂತರು. ನಾನೇ ಎದ್ದು ಹತ್ತಿರ ಹೋಗಿ ಕೈ ಮುಗಿದೆ. ಅವರು ಎದ್ದು ನಿಂತರು, ನಕ್ಕರು, ನನ್ನ ಬೆನ್ನ ಹಿಂದೆ ನೋಡಿದರು.

"ಅವ್ರು ಬರ್ಲಿಲ್ಲೇನ್ರಿ?"

ಯಾರು ಎಂದು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆ. ನನ್ನ ದನಿ ಕೇಳಿದ್ದೇ ಅವರ ಮುಖದ ಬಣ್ಣ ಹೋಯಿತು. ಒಂದು ತಿಂಗಳಿಂದ ಕೇಳಿದ ದನಿ ಅದು.

ಚಹಾ ಹೇಳಿ ಕೂತೆವು. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಜಾರಿಕೊಳ್ಳಲಿಲ್ಲ. ಇದರಲ್ಲಿ ನೀವು ಯಾರು ಎಂದು ಕೇಳಿದರೆ ನನಗೆ ಅವಮಾನವಾದೀತೆಂದು ತಾವೇ ಹುಡುಕಿದ್ದಾಗಿ ಹೇಳಿದರು.

"ಎಲ್ಲಾ ಫೋಟೋದಾಗ ಇದ್ದವ್ರು ಯಾರು ಅಂತ ನೋಡಿದೆರಿ. ಇಬ್ಬರ ಇದ್ರಿ. ಅವ್ರು ಎಲ್ಲಾದ್ರಾಗೂ ಮುಂದ ಇದ್ರು."

ನಿಜ. ಡ್ಯಾಮಿಗೂ ತಿಂಥಣಿಗೂ ವಿಜ್ಞಾನದ ಟೀಚರ್ ಬಂದಿದ್ದಳು. ಮದುವೆಯಲ್ಲೂ ನನ್ನ ಪಕ್ಕದಲ್ಲೇ ಇದ್ದಳು. ಆರಿಸುವಾಗ ನಾನು ನನ್ನ ಮುಖವನ್ನಷ್ಟೇ ನೋಡಿಕೊಂಡಿದ್ದೆ. ಬೇರೆಯವರು ಗುರುತು ಹಿಡಿಯುವುದು ಹೀಗೆ, ಎಲ್ಲ ಫೋಟೋಗಳಲ್ಲೂ ಬರುವವರನ್ನು ಹುಡುಕುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಮಾತಾಡಿದ್ದು ನನ್ನ ಜೊತೆಗೇ ಅಲ್ಲವೇ ಎಂದೆ. ಕೇಳಬಾರದಿತ್ತು, ಕೇಳಿದೆ.

"ಮಾತು ನಿಮ್ಮವ, ಅದು ಖರೇನ. ಆದ್ರ ಮಾತಾಡುವಾಗೆಲ್ಲ ಆ ಮುಖಾನ ಕಣ್ಣಮುಂದ ಇತ್ತ್ರಿ. ನನಗ ಸ್ವಲ್ಪ ಟೈಮ್ ಕೊಡ್ರಿ."

ಕೊಟ್ಟೆ. ಮರುದಿನ ತಪ್ಪಾಯಿತು ಎಂದು ಒಂದು ಸಾಲು ಬಂತು, ಆಮೇಲೆ ಏನೂ ಬರಲಿಲ್ಲ. ಅವರ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಆ ಭಾನುವಾರ ವಾಪಸ್ ಬರುವಾಗಲೇ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಅತ್ತೆ. ಮುಖ ಚೆನ್ನಾಗಿಲ್ಲ ಎಂದು ಬಿಟ್ಟು ಹೋಗಿದ್ದರೂ ಸಹಿಸುತ್ತಿದ್ದೆನೇನೋ. ಅವರ ಆ ತಿಂಗಳಿನಲ್ಲಿ ನನ್ನ ಮುಖವೇ ಇರಲಿಲ್ಲ.

ವಿಜ್ಞಾನದವಳಿಗೆ ಹೇಳಿದಾಗ ಈ ಸಲ ಅವಳು ನಗಲಿಲ್ಲ. ತನ್ನ ಮನೆಯವರೋ ಓಣಿಯವರೋ ಆ ಆ್ಯಪಿನಲ್ಲಿ ತನ್ನ ಫೋಟೋ ನೋಡಿದರೆ ಏನು ಗತಿ ಎಂದಳು. ಅವಳನ್ನು ಕೇಳದೆ ಹಾಕಿದ್ದೆ. ಅಲ್ಲೇ ಕೂತು ಎಲ್ಲವನ್ನೂ ತೆಗೆದೆ. ಮರುದಿನ ಪ್ರಾರ್ಥನೆಗೆ ಮೊದಲು ಅವಳೇ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದಳು. ಕನ್ನಡಕ ತೆಗೆಯಲು ಹೋದರೆ ಬಿಡಲಿಲ್ಲ, ದಿನಾ ಹಾಕುವವರು ಫೋಟೋದಲ್ಲೂ ಹಾಕಿರಬೇಕು ಎಂದಳು. ಮೊದಲು ಮುಖದ್ದು, ಆಮೇಲೆ ಅಡಿಯಿಂದ ಮುಡಿವರೆಗೆ ನಿಂತದ್ದು, ಆಮೇಲೆ ಪುಸ್ತಕ ಹಿಡಿದು ಕೂತದ್ದು. ಗುಂಪಿನದು ಹಾಕಲೇಬೇಕೆಂದರೆ ಒಂದೇ, ಅದೂ ಕೊನೆಯಲ್ಲಿ ಎಂದಳು. ಅಷ್ಟರಲ್ಲಿ ನೋಡಿದವರಿಗೆ ನನ್ನ ಮುಖ ಪರಿಚಯವಾಗಿರುತ್ತದೆ. ಆ ಒಂದಕ್ಕೆ ತಂಗಿಯನ್ನು ಕೇಳಿ, ಅವಳ ಜೊತೆ ಇದ್ದದ್ದನ್ನು ಹಾಕಿದೆ.

ಆಮೇಲೆ ಬರೆಯುವವರು ತೀರ ಕಡಿಮೆಯಾದರು. ವಾರಗಟ್ಟಲೆ ಯಾರೂ ಇಲ್ಲ. ಮೊದಲು ಬೆರಳು ಸರಿಸಿ ಹೋದವರು ಗುಂಪನ್ನು ಬಿಟ್ಟು ಹೋದರೆಂದು ಅಂದುಕೊಳ್ಳಬಹುದಿತ್ತು. ಈಗ ಹೋಗುವವರು ನನ್ನನ್ನೇ ನೋಡಿ ಹೋಗುತ್ತಾರೆ. ನೋಯುತ್ತದೆ. ದಣಿವಾಗುತ್ತದೆ. ಎಷ್ಟೋ ಸಲ ಆ್ಯಪನ್ನೇ ತೆಗೆದುಬಿಡೋಣ ಎನಿಸಿ ತೆಗೆದಿಲ್ಲ.

ಮೊನ್ನೆ ಸಂಜೆ ಕೊಡೇಕಲ್ ಕಡೆಯವರೊಬ್ಬರು ಬರೆದಿದ್ದರು. "ನಿಮ್ಮನ್ನ ನೋಡಿದೆರಿ. ಮಾತಾಡಬಹುದೇನ್ರಿ?"

ಖುಷಿ ಏನೂ ಉಕ್ಕಲಿಲ್ಲ, ಅದಕ್ಕೆ ಬೇಕಾದ ಶಕ್ತಿ ನನ್ನಲ್ಲಿ ಉಳಿದಿಲ್ಲ. ಆದರೆ 'ನಿಮ್ಮನ್ನ' ಎಂದರೆ ಅಲ್ಲಿ ನಾನೇ, ಬೇರೆ ಯಾರೂ ಇಲ್ಲ. ಕನ್ನಡಕ ಒರೆಸಿಕೊಂಡು ಅದನ್ನೇ ಇನ್ನೊಮ್ಮೆ ಓದಿದೆ. ಮಾತಾಡ್ರಿ ಎಂದು ಬರೆದೆ.