ಬುಟ್ಟಿ ತುಂಬಿದವನ ಮಾತು

ಅವನು ಕಳಿಸಿದ ಇ-ಮೇಲನ್ನು ಕಾರವಾರದ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿ ದೇವಬಾಗದ ನಮ್ಮ ಮನೆಗೆ ತಂದಿದ್ದೆ. ಕಂಪ್ಯೂಟರ್ ಕ್ಲಾಸಿನಲ್ಲಿ ನನಗೆ ಕಲಿಸಿದ ಅಂಕೋಲೆಯವನು ಹೊಸ ಕಂಪನಿಗೆ ಮೊದಲ ಮೂವರನ್ನು ಹುಡುಕುತ್ತಿದ್ದ. ಯಾವ ಬಂದರಿನಲ್ಲಿ ಮೀನಿಗೆ ಏನು ದರ ಎಂದು ದಡಕ್ಕೆ ಮರಳುವ ದೋಣಿಗಳ ಮೊಬೈಲಿಗೆ ಸಂದೇಶ ಕಳಿಸುವುದು ಕೆಲಸ. ದೋಣಿಯವರು ತಿಂಗಳಿಗಿಷ್ಟು ಎಂದು ಕೊಡಬೇಕು.

ಮನೆಯ ಹಿರಿಯರಿಗೆ ಓದಿ ಹೇಳಿ ಎಂದು ಅವನೇ ಬರೆದಿದ್ದರಿಂದ ಅಪ್ಪನೆದುರು ಗಟ್ಟಿಯಾಗಿ ಓದಿದೆ. 'ಸಂಬಳ ಐದು ಸಾವಿರ. ಹೊರಗೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ನನ್ನ ಹತ್ತಿರ ಹತ್ತು ತಿಂಗಳ ದುಡ್ಡಿದೆ, ಅಷ್ಟರಲ್ಲಿ ಗಿರಾಕಿಗಳು ಬರದಿದ್ದರೆ ಮುಚ್ಚುತ್ತೇನೆ. ಕಂಪನಿಯಲ್ಲಿ ನೂರಕ್ಕೆ ಎರಡರಷ್ಟು ಶೇರು ನಾಲ್ಕು ವರ್ಷಗಳಲ್ಲಿ ನಿಮ್ಮದಾಗುತ್ತದೆ. ಮೊದಲ ವರ್ಷ ತುಂಬುವ ಮುಂಚೆ ಏನೂ ಇಲ್ಲ. ಕಂಪನಿ ಮುಳುಗಿದರೆ ಆ ಶೇರು ಬರೀ ಕಾಗದ. ನಿಮ್ಮ ಸಂಬಳದಿಂದಲೇ ಮನೆ ನಡೆಯಬೇಕಿದ್ದರೆ ದಯವಿಟ್ಟು ಬರಬೇಡಿ.'

ಅಪ್ಪ ನಕ್ಕ. ನಮ್ಮ ದಡದಲ್ಲಿ ಸಿಕ್ಕಿದ್ದನ್ನು ಯಾರೂ ಸಿಕ್ಕಿದೆ ಎನ್ನುವುದಿಲ್ಲ. ದೋಣಿ ಬಂಗಡೆಯ ಭಾರಕ್ಕೆ ತಗ್ಗಿದ್ದರೂ ಕೇಳಿದವರಿಗೆ 'ಏನೂ ಇಲ್ಲ' ಎನ್ನಬೇಕು. ಇಲ್ಲದಿದ್ದರೆ ದೃಷ್ಟಿ ತಾಗುತ್ತದೆ, ಮರುದಿನ ಊರೆಲ್ಲ ಅದೇ ಜಾಗಕ್ಕೆ ಬಲೆ ಹೊತ್ತು ಬರುತ್ತದೆ.

"ಬುಟ್ಟಿ ತುಂಬಿದಂವಾ ಹೀಂಗೇ ಹೇಳೂದು. ಅಂವಂಗೆ ಏನೋ ಸಿಕ್ಕಿದೆ. ನೀ ಹೋಗು."

ಆಗ ನಾನು ಮಲ್ಲಾಪುರದ ಒಂದು ಆಫೀಸಿನಲ್ಲಿ ಗುತ್ತಿಗೆಯ ಗುಮಾಸ್ತ, ಖಾಯಂ ಆಗುವ ಮಾತು ನಡೆದಿತ್ತು. ಅದಾದರೆ ಸೊಂಟ ಬಿದ್ದುಹೋದ ಅಪ್ಪ ಕಡಲಿಗಿಳಿಯುವುದನ್ನು ಬಿಡಬಹುದಿತ್ತು. ಆದರೂ ಅಪ್ಪನ ಮಾತು ಕೇಳಿ ಆ ಕೆಲಸ ಬಿಟ್ಟು ಹೊಸ ಕಂಪನಿ ಸೇರಿದೆ. ಶಿರವಾಡದ ಬೇಸಾಯಗಾರರ ಮನೆಯ ಗೆಳೆಯನೊಬ್ಬನಿಗೂ ಅದೇ ಮೇಲ್ ಹೋಗಿತ್ತು. ಅವನ ಅಪ್ಪ ಬರೆದದ್ದನ್ನು ಬರೆದ ಹಾಗೇ ನಂಬಿ ಬೇಡವೆಂದ. ಅವನ ಪುಣ್ಯ.

ದರವೇನೋ ಸರಿಯಾಗಿಯೇ ಕಳಿಸುತ್ತಿದ್ದೆವು. ಆದರೆ ಬಲೆಗೆ, ಡೀಸೆಲ್ಲಿಗೆ ಮುಂಗಡ ಕೊಟ್ಟ ಏಜೆಂಟನಿಗೇ ದೋಣಿಯವರು ಮೀನು ಹಾಕಬೇಕು. ಬೇರೆ ಬಂದರಿನಲ್ಲಿ ದರ ಎಷ್ಟಿದ್ದರೆ ಅವರಿಗೇನು? ಪುಕ್ಕಟೆ ಇದ್ದಷ್ಟು ದಿನ ಓದಿದರು, ದುಡ್ಡು ಕೇಳಿದಾಗ ಬಿಟ್ಟರು. ಹತ್ತನೇ ತಿಂಗಳು ಅವನು ನಮ್ಮ ಕೊನೆಯ ಸಂಬಳ ಕೊಟ್ಟು ಬಾಗಿಲು ಹಾಕಿದ. ವರ್ಷ ತುಂಬದ್ದರಿಂದ ಶೇರೂ ಇಲ್ಲ. ಒಂದಾದರೂ ಸುಳ್ಳು ಹೇಳಿದ್ದರೆ ಅವನನ್ನು ಬೈಯಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲವೆಂದು ನನಗೆ ಇಂದಿಗೂ ಸಿಟ್ಟು.

ಕಂಪನಿ ಮುಚ್ಚಿದ್ದನ್ನು ಮನೆಗೇ ಬಂದು ತಿಳಿಸಿದ ಅವನನ್ನು ಅಪ್ಪ, ಒಳಗೊಳಗೆ ಎಷ್ಟು ದುಡ್ಡು ಉಳಿಸಿಕೊಂಡಿದ್ದೀ ಎಂದು ಮೆತ್ತಗೆ ಕೇಳಿದ.

"ಏನೂ ಇಲ್ರಾ, ಕಾಕಾ. ಬರದದ್ದೇ ಖರೆ."

ಅಪ್ಪ ಅದನ್ನೂ ನಂಬಲಿಲ್ಲ. ಮಲ್ಲಾಪುರದಲ್ಲಿ ನನ್ನ ಕುರ್ಚಿಗೆ ಬೇರೆಯವನು ಬಂದಾಗಿತ್ತು. ಮಳೆಗಾಲದಲ್ಲಿ ಕಡಲಿಗಿಳಿಯಬಾರದೆಂಬ ಬಂದಿ ಮುಗಿದ ಮೇಲೆ ಅಪ್ಪ ಸೊಂಟಕ್ಕೆ ಪಂಚೆ ಬಿಗಿದು ಮತ್ತೆ ದೋಣಿ ಹತ್ತಿದ. ಮರಳಿ ಬಂದಾಗ ದಡದಲ್ಲಿ ನಿಂತು ಏನು ಸಿಕ್ಕಿತೆಂದು ಕೇಳಿದೆ. ಏನೂ ಇಲ್ಲ ಎಂದ. ಬುಟ್ಟಿ ಇಳಿಸಲು ದೋಣಿಗೆ ಕೈಹಾಕಿದೆ. ಒಳಗೆ ಒದ್ದೆ ಬಲೆಯೊಂದೇ ಇತ್ತು.