ಅಪ್ಪನ ಟ್ರಂಕಿನಲ್ಲಿದ್ದ ಕಲ್ಲವ್ವ

ನಾನು ಸತ್ತು ಬಹಳ ವರ್ಷಗಳಾದವು ಎಂಬ ಸುದ್ದಿ ಕಳೆದ ತಿಂಗಳು ಹಾನಗಲ್ಲ ತಾಲೂಕು ಕಚೇರಿಯಲ್ಲಿ ತಿಳಿಯಿತು. (ವಾರವಾರ ನನ್ನ ಹರಟೆ ಓದುವವರು ಗಾಬರಿಯಾಗಬೇಡಿ.)

ನಡೆದದ್ದು ಇಷ್ಟು. ಮಾಸ್ತರಿಕೆಯ ಟ್ರೇನಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದೆ. ವಯಸ್ಸು ಇಪ್ಪತ್ತೈದು ದಾಟಿರಬಾರದು. ಸ್ಕೂಲ್ ಸರ್ಟಿಫಿಕೇಟಿನ ಪ್ರಕಾರ ನನಗೆ ಇಪ್ಪತ್ತಾರು. ಒಂದು ವರ್ಷಕ್ಕೆ ಸೀಟು ಕೈಬಿಡುವುದೇ? ಜನನದ ದಾಖಲೆ ಬೇರೇನಾದರೂ ಹೇಳೀತೆಂದು, ಅಕ್ಕಿಆಲೂರಿನ ಮನೆಯಲ್ಲಿ ತೀರಿಹೋದ ಅಪ್ಪನ ಟ್ರಂಕು ತೆಗೆದೆ.

ಒಂದು ಜನನದ ನಕಲು ಸಿಕ್ಕಿತು. ಹೆಣ್ಣು ಮಗು. ತಂದೆ ತಾಯಿ ನಮ್ಮವರೇ. ತಾರೀಖು ನನ್ನದಕ್ಕಿಂತ ಮೂರು ವರ್ಷ ಈಚೆಗೆ. ಹೆಸರು ಕಲ್ಲವ್ವ!

ನಾನು ಶಾಂತಾ, ಒಬ್ಬಳೇ ಮಗಳು. ಈ ಕಲ್ಲವ್ವ ಯಾರು?

ಅವ್ವನಿಗೆ ತೋರಿಸಿದೆ. ಅವಳ ಮುಖ ಕಪ್ಪಿಟ್ಟಿತು. “ಅದನ್ಯಾಕ ತೆಗದಿ? ಒಲಿಗೆ ಹಾಕು.”

ಹಾಕಲಿಲ್ಲ. ಇದ್ದಿಲಿನ ಹೊಗೆ ಉಗುಳುವ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆ. ಹಳ್ಳಿಯ ಪಾಟೀಲರು ಬರೆದು ಕಳಿಸಿದ ಜನನದ ಪಟ್ಟಿಗಳನ್ನು ಕಾರಕೂನರು ತಿರುವಿದರು. ಶಾಂತವ್ವ ಇದ್ದಳು, ಕಲ್ಲವ್ವನೂ ಇದ್ದಳು. ಆಮೇಲೆ ಮರಣದ ಪಟ್ಟಿ ತೆಗೆದರು.

“ಶಾಂತವ್ವ ಒಂಬತ್ತು ತಿಂಗಳಿನ್ಯಾಕಿ ಇದ್ದಾಗ ಜ್ವರ ಬಂದು ತೀರಿಕೊಂಡಾಳ್ರಿ ಅಕ್ಕಾರ. ಕಲ್ಲವ್ವನ ಸಾವು ಇದರಾಗ ಇಲ್ಲ. ನೀವ ಕಲ್ಲವ್ವ.”

ಉಳಿದದ್ದನ್ನು ಅವ್ವನ ತಂಗಿ, ನನ್ನ ಚಿಗವ್ವ ಹೇಳಿದಳು. ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಕಲ್ಲವ್ವ, ತಿಪ್ಪವ್ವ ಎಂದು ಹೆಸರಿಡುವುದು ನಮ್ಮ ಕಡೆಯ ರೂಢಿ. ಸಾವೂ ಮೂಗು ಮುರಿದು ಮುಂದೆ ಹೋಗಲಿ ಅಂತ. ಅಪ್ಪ ಬಾಣಂತಿ ಕೋಣೆಯಲ್ಲೇ ಹೆಸರಿಟ್ಟು ಪಾಟೀಲರಲ್ಲಿ ಬರೆಸಿದ್ದರು. ಅವ್ವ ಮಾತ್ರ ಆ ಹೆಸರು ಬಾಯಿಗೆ ತರಲಿಲ್ಲ. ಶಾಂತಾ ತಿರುಗಿ ಬಂದಾಳ ಅಂತ ಹಠ ಹಿಡಿದಳು. ಅವಳ ಹಠಕ್ಕೆ ಸೋತು ಅಪ್ಪ ಸ್ಕೂಲಿಗೆ ಸತ್ತ ಮಗುವಿನ ಕಾಗದವನ್ನೇ ಕೊಟ್ಟರು. ನಾನು ಅಕ್ಕನ ಹೆಸರು, ಅಕ್ಕನ ವಯಸ್ಸು ಎರಡನ್ನೂ ಹೊತ್ತು ಬೆಳೆದೆ.

ಸ್ಕೂಲಿನ ದಾಖಲೆ ತಿದ್ದಬೇಕಾದರೆ ಎರಡು ಜನನದ ನಕಲು, ಒಂದು ಮರಣದ ನಕಲು ಬೇಕು. ಜೊತೆಗೆ ತಾಯಿ ಮಾಮಲೇದಾರರ ಮುಂದೆ ಪ್ರಮಾಣ ಮಾಡಿ ಕೊಟ್ಟ ಅಫಿಡವಿಟ್ಟು ಬೇಕು. ಅವ್ವನನ್ನು ಹೇಗೋ ಒಪ್ಪಿಸಿ ಕರೆದೊಯ್ದೆ.

“ನಿಮ್ಮ ಮಗಳು ಶಾಂತಾ ಸತ್ತಿದ್ದು ಖರೆ ಏನ್ರಿ?” ಮಾಮಲೇದಾರರು ಕೇಳಿದರು.

ಅವ್ವ ನನ್ನತ್ತ ಕೈ ಮಾಡಿದಳು. “ಇಲ್ಲೇ ನಿಂತಾಳಲ್ರಿ ಸಾಹೇಬ್ರ.”

“ಸತ್ತಾಳ ಅಂತ ಹೇಳಬೇ ಯವ್ವಾ. ಸೀಟು ಹೋಗ್ತೈತಿ.”

ಹಾಗೆ ಅಂದವಳು ನಾನೇ. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

“ಸತ್ತಾಳ್ರಿ” ಅಂದಳು ಅವ್ವ. ಹೆಬ್ಬೆಟ್ಟು ಒತ್ತಿದಳು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದು, ಅಷ್ಟು ವರ್ಷ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತಳು. ಕಾರಕೂನರು ಶಾಯಿ ಆರಲೆಂದು ಕಾಗದಕ್ಕೆ ಗಾಳಿ ಹಾಕುತ್ತಿದ್ದರು.

ಸೀಟು ಸಿಕ್ಕಿದೆ. ಅವ್ವ ಊಟಕ್ಕೆ ಈಗ “ಏ, ಬಾ” ಎಂದಷ್ಟೇ ಕರೆಯುತ್ತಾಳೆ. ಶಾಂತಾ ಅನ್ನುವುದಿಲ್ಲ, ಕಲ್ಲವ್ವ ಅಂತೂ ಅನ್ನುವುದೇ ಇಲ್ಲ.

ಅವಳ ಬಾಯಿಂದಲೇ ಮಗಳನ್ನು ಸಾಯಿಸಿದ ನನ್ನನ್ನು ಅವಳಾದರೂ ಏನೆಂದು ಕರೆದಾಳು?