ಮೀನಿನ ವಾಸನೆ ಎಂದು ಬರೆದ ಚೀಟಿ

ಮಾವನವರಿಗೆ ಉಸಿರಾಟದ ಯಂತ್ರ ಬಂದಾಗಿನಿಂದ ಕೊಟ್ಟೂರಿನ ಮನೆ ನನಗೆ ಸೆರೆಮನೆಯಾಯಿತು. ಕರೆಂಟ್ ಹೋದರೆ ಕೂಡಲೇ ಆಕ್ಸಿಜನ್ ಸಿಲಿಂಡರ್ ತಿರುವಿ ನಳಿಕೆ ಬದಲಿಸಬೇಕು. ಅದು ನನಗೊಬ್ಬಳಿಗೇ ಬರುತ್ತಿತ್ತು. ಗಂಡ ಹಗಲೆಲ್ಲ ಅಂಗಡಿಯಲ್ಲಿ. ಅತ್ತೆಗೆ ಸಿಲಿಂಡರ್ ಕಂಡರೇ ಭಯ. ಸಾಲದ್ದಕ್ಕೆ ಮನೆಯ ಎಂಸಿಬಿ, ಅಂದರೆ ಬೋರ್ಡಿನಲ್ಲಿ ತಾನೇ ಕರೆಂಟ್ ಕಡಿಯುವ ಸ್ವಿಚ್ಚು, ಮನಸ್ಸು ಬಂದಾಗ ಬೀಳತೊಡಗಿತು. ತಂಬ್ರಹಳ್ಳಿಯಲ್ಲಿ ತಂಗಿಯ ಮಗುವಿಗೆ ಹೆಸರಿಡುವ ತೊಟ್ಟಿಲು ಕಾರ್ಯ ಹತ್ತಿರ ಬಂದಿತ್ತು. ಅದಕ್ಕಾದರೂ ಹೋಗಿಯೇ ಸಿದ್ಧ ಎಂದು ಹಟ ಹಿಡಿದಿದ್ದೆ.

ಎಲೆಕ್ಟ್ರೀಷಿಯನ್ ಬಂದಾಗಲೆಲ್ಲ ಎಲ್ಲವೂ ಸರಿ! ‘ಯಾವಾಗ ಬೀಳತೈತಿ, ಏನೇನ್ ಹಚ್ಚಿರ್ತೀರಿ, ಎಲ್ಲಾ ಬರದು ಕಳಸ್ರಿ ಅಕ್ಕಾರ’ ಎಂದ. ಬರೆದೆ:

‘ಮುಂಜಾನೆ ಗೀಸರ್ ಹಚ್ಚಿ, ಪಂಪು ಹಾಕಿದ ಸ್ವಲ್ಪ ಹೊತ್ತಿಗೆ ಬೀಳುತ್ತದೆ. ಮಧ್ಯಾಹ್ನ ಬಿಸಿಲು ಜೋರಿದ್ದರೆ ಇಸ್ತ್ರಿಪೆಟ್ಟಿಗೆ ಒಂದಕ್ಕೇ ಬೀಳುತ್ತದೆ. ಮಳೆ ಬಂದು ತಂಪಾದ ದಿನ ಎಲ್ಲ ಹಚ್ಚಿದರೂ ಬೀಳುವುದಿಲ್ಲ. ಬಿದ್ದ ಕೂಡಲೇ ಎತ್ತಿದರೆ ನಿಲ್ಲುವುದಿಲ್ಲ, ಸ್ವಲ್ಪ ತಡೆದು ಎತ್ತಬೇಕು. ಬೀಳುವ ಮುಂಚೆ ಬೋರ್ಡಿನ ಹತ್ತಿರ ಮೀನಿನ ವಾಸನೆ.’

ಅತ್ತೆ ಓದಿಸಿ ಕೇಳಿ ಹೌಹಾರಿದರು. ‘ಅಯ್ಯ ಶಿವನೇ! ಲಿಂಗ ಕಟ್ಟಿದ ಮನ್ಯಾಗ ಮೀನ? ಅವ ಊರೆಲ್ಲಾ ಹೇಳ್ಯಾನು. ಹೊಡದ ಹಾಕು ಅದನ್ನ.’ ಮಾಳಿಗೆಯ ಬಾಡಿಗೆಯವರು ಕದ್ದು ಬೇಯಿಸುತ್ತಾರೆಂದು ಅವರ ಅನುಮಾನ. ಆ ಸಾಲು ಬಿಟ್ಟು ಚೀಟಿ ಹೋಯಿತು. ಅವನು ತಂಪುಹೊತ್ತಿನಲ್ಲಿ ಬಂದು, ಗೀಸರಿನ ವೈರು ನೋಡಿ ಹೋದ.

ಮರುದಿನ ಮತ್ತೆ ಬಿತ್ತು. ನಳಿಕೆ ಬದಲಿಸುವಷ್ಟರಲ್ಲಿ ಮಾವನವರ ತುಟಿ ನೀಲಿಗಟ್ಟಿತ್ತು. ಮರ್ಯಾದೆ ಹಾಳಾಗಿ ಹೋಗಲಿ ಎಂದು ಪೂರ್ತಿ ಚೀಟಿಯ ಫೋಟೋ ಕಳಿಸಿದೆ.

ಫೋನ್ ತಕ್ಷಣ ಬಂತು. ‘ಅಕ್ಕಾರ, ಗೀಸರ್, ಪಂಪು, ಇಸ್ತ್ರಿ ಏನೂ ಹಚ್ಚಬ್ಯಾಡ್ರಿ. ಬೋರ್ಡ್ ಮುಟ್ಟಬ್ಯಾಡ್ರಿ. ಈಗ ಬಂದೆ.’

ಮಾವನವರಿಗೆ ಸಿಲಿಂಡರ್ ಹಚ್ಚಿಸಿ, ಮೇನ್ ಇಳಿಸಿ ಬೋರ್ಡ್ ಬಿಚ್ಚಿದ. ಎಂಸಿಬಿಯ ಸ್ಕ್ರೂ ಸಡಿಲಾಗಿ, ವೈರಿನ ತುದಿ ಕಪ್ಪಾಗಿ, ಪ್ಲಾಸ್ಟಿಕ್ ಕರಗಿತ್ತು. ‘ಸಡಿಲಿದ್ದಲ್ಲಿ ಕಾಯ್ತೈತ್ರಿ. ಆ ಕಾವಿಗೇ ಬೀಳತಿತ್ತು. ಪ್ಲಾಸ್ಟಿಕ್ ಸುಟ್ರ ಹಿಂಗ ಮೀನಿನಂಗ ನಾರತೈತಿ. ಇನ್ನೊಂದೀಟು ಬಿಟ್ಟಿದ್ರ ಬೆಂಕಿನ ಹತ್ತತಿತ್ತು.’ ಸುಟ್ಟ ತುದಿ ಕತ್ತರಿಸಿ, ಹೊಸ ಎಂಸಿಬಿ ಹಾಕಿ ಬಿಗಿದ. ಅತ್ತೆ ಮಾಳಿಗೆಯ ಕಡೆ ಒಮ್ಮೆ ನೋಡಿ, ಅವನಿಗೆ ಚಹಾ ಇಡಲು ಒಳಗೆ ಹೋದರು.

ಆಮೇಲೆ ಒಮ್ಮೆಯೂ ಬೀಳಲಿಲ್ಲ. ತೊಟ್ಟಿಲಿನ ದಿನ ಹೊಸ ಸೀರೆಯುಟ್ಟು, ಮಗುವಿನ ಕುಲಾವಿ ಚೀಲದಲ್ಲಿಟ್ಟು ಹೊಸ್ತಿಲಿಗೆ ಬಂದೆ.

‘ಎಲ್ಲಿಗೆ?’ ಎಂದರು ಅತ್ತೆ.

‘ತಂಬ್ರಹಳ್ಳಿಗ್ರೀ. ಎಂಸಿಬಿ ಈಗ ಬೀಳೂದಿಲ್ಲಲ್ಲ.’

‘ಎಂಸಿಬಿ ಬೀಳೂದಿಲ್ಲ ಖರೆ. ಊರಿನ ಕರೆಂಟ್ ಹೋಗೂದಿಲ್ಲೇನವಾ?’

ಅವರು ಸಿಟ್ಟಿನಿಂದ ಹೇಳಿದ್ದರೆ ಜಗಳ ತೆಗೆದು ಹೋಗಿಬಿಡುತ್ತಿದ್ದೆ. ಮೆತ್ತಗೆ, ಹೆದರಿ ಕೇಳಿದರು. ಒಳಗೆ ಮಾವನವರು ನಮ್ಮ ಮಾತು ಕೇಳಿಸದವರಂತೆ ಗೋಡೆಗೆ ಮುಖ ಮಾಡಿ ಮಲಗಿದ್ದರು.

ತಂಗಿಗೆ ಫೋನ್ ಮಾಡಿ, ‘ನನ್ನ ಹಾದಿ ಕಾಯಬ್ಯಾಡವಾ, ಹೆಸರಿಟ್ಟುಬಿಡ್ರಿ’ ಅಂದೆ.